ರಾಣಿಗೆ ಗೊತ್ತಿತ್ತಾ? ‘ನಾಗಮಂಡಲ’ದ ಮೇಲೆ ಸೆಮಿನಾರ್ ಪ್ರಬಂಧ ಬರೆದ ಕಥೆ

ಎಂ.ಎ. ಸೆಮಿನಾರಿಗೆ ನಾನು ಆರಿಸಿಕೊಂಡದ್ದು ಗಿರೀಶ ಕಾರ್ನಾಡರ ‘ನಾಗಮಂಡಲ’. ಇಡೀ ನಾಟಕವಲ್ಲ, ರಾಣಿ ಒಬ್ಬಳೇ. ಅವಳಿಗೆ ಏನು ಬೇಕಿತ್ತು, ಬೇಕು ಅನ್ನುವುದನ್ನು ಎಲ್ಲಿ ಬಚ್ಚಿಟ್ಟುಕೊಂಡಳು, ಅದು ಎಲ್ಲಿ ಹೊರಗೆ ಇಣುಕಿತು ಎಂದು ಫ್ರಾಯ್ಡ್ ಹುಟ್ಟುಹಾಕಿದ ಮನೋವಿಶ್ಲೇಷಣೆಯ ಕಣ್ಣಿನಿಂದ ಓದುವುದು ನನ್ನ ಕೆಲಸವಾಗಿತ್ತು. ಓದಲು ಇಪ್ಪತ್ತು ನಿಮಿಷ, ಆಮೇಲೆ ಪ್ರಶ್ನೆಗಳು.

ನಾಟಕ ಓದದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಪ್ಪಣ್ಣ ರಾಣಿಯನ್ನು ಮದುವೆಯಾಗಿ ಮನೆಗೆ ತರುತ್ತಾನೆ. ಅವಳನ್ನು ಒಳಗಿಟ್ಟು ಬೀಗ ಹಾಕಿ ಸೂಳೆಯ ಮನೆಗೆ ಹೋಗುತ್ತಾನೆ. ಮಧ್ಯಾಹ್ನ ಊಟಕ್ಕೆ ಮಾತ್ರ ಬರುತ್ತಾನೆ. ಕುರುಡವ್ವ ಎಂಬ ಮುದುಕಿ ರಾಣಿಗೆ ಗಂಡನನ್ನು ಒಲಿಸಿಕೊಳ್ಳುವ ಬೇರು ಕೊಡುತ್ತಾಳೆ. ಅದನ್ನು ಅರೆದು ಹಾಕಿದ ಸಾರು ರಕ್ತದಂತೆ ಕೆಂಪಾದಾಗ ರಾಣಿ ಹೆದರಿ ಹುತ್ತಕ್ಕೆ ಸುರಿಯುತ್ತಾಳೆ. ಹುತ್ತದಲ್ಲಿದ್ದ ನಾಗ ಅವಳಿಗೆ ಮರುಳಾಗಿ, ಅಪ್ಪಣ್ಣನ ರೂಪದಲ್ಲಿ ರಾತ್ರಿ ರಾತ್ರಿ ಬರತೊಡಗುತ್ತಾನೆ. ರಾಣಿ ಬಸುರಿಯಾಗುತ್ತಾಳೆ. ಅಪ್ಪಣ್ಣ ಪಂಚಾಯ್ತಿ ಕರೆಸುತ್ತಾನೆ. ರಾಣಿ ಹಾವು ಹಿಡಿದು ಪ್ರಮಾಣ ಮಾಡಿ ಗೆದ್ದು, ಊರವರ ಕಣ್ಣಲ್ಲಿ ದೇವಿಯಾಗುತ್ತಾಳೆ.

ನಮ್ಮ ಮೇಡಂ ಶುರುವಿನಲ್ಲೇ ಒಂದು ಕಟ್ಟು ಹಾಕಿದರು. “ಮೊದಲ ಓದಿನಲ್ಲಿ ಫ್ರಾಯ್ಡ್ ಬೇಡ. ಪೆನ್ಸಿಲ್ ಹಿಡಿದು ಓದು. ರಾಣಿ ಎಲ್ಲಿ ಅಗತ್ಯಕ್ಕಿಂತ ಜಾಸ್ತಿ ಮಾತಾಡ್ತಾಳೆ, ಎಲ್ಲಿ ಮಾತಾಡಬೇಕಾದ ಕಡೆ ಸುಮ್ನಾಗ್ತಾಳೆ, ಎಲ್ಲಿ ಆದ ಘಟನೆಗೂ ಅವಳ ಪ್ರತಿಕ್ರಿಯೆಗೂ ಅಳತೆ ಕೂಡಲ್ಲ, ಆ ಜಾಗಗಳಿಗೆ ಗುರುತು ಹಾಕು. ಅಷ್ಟೇ.” ನನ್ನ ಪ್ರಬಂಧ ನಿಂತದ್ದು ಈ ಗುರುತುಗಳ ಮೇಲೆಯೇ. ದಮನ, ಅಂದರೆ ಆಸೆಯನ್ನು ಅರಿವಿನಿಂದ ಕೆಳಗೆ ತಳ್ಳುವುದು, ಕಣ್ಣಿಗೆ ಕಾಣುವ ವಸ್ತುವಲ್ಲ. ಕಾಣುವುದು ಅದು ಬಿಟ್ಟುಹೋದ ಜಾಡು ಮಾತ್ರ. ಪಠ್ಯದಲ್ಲಿ ಆ ಜಾಡು ಇಲ್ಲದ ಕಡೆ ಎಷ್ಟು ಸಿದ್ಧಾಂತ ಸುರಿದರೂ ಅದು ನಮ್ಮ ಊಹೆಯಾಗಿಯೇ ಉಳಿಯುತ್ತದೆ.

ಮೊದಲ ಗುರುತು ಬಿದ್ದದ್ದು ರಾಣಿಯ ಒಂಟಿ ಮಾತುಗಳ ಮೇಲೆ. ಬೀಗ ಹಾಕಿದ ಮನೆಯಲ್ಲಿ ಅವಳು ತನಗೆ ತಾನೇ ಕಥೆ ಹೇಳಿಕೊಳ್ಳುತ್ತಾಳೆ. ಒಂದು ಹದ್ದು ಬಂದು ಅವಳನ್ನು ಏಳು ಸಮುದ್ರದ ಆಚೆ, ಅಪ್ಪ ಅಮ್ಮ ಕಾಯುತ್ತಿರುವ ಕಡೆಗೆ ಹೊತ್ತೊಯ್ಯುತ್ತದೆ. ಇನ್ನೊಂದರಲ್ಲಿ ಅವಳು ರಾತ್ರಿ ಅಪ್ಪ ಅಮ್ಮನ ನಡುವೆ ಮಲಗುತ್ತಾಳೆ, ಭಯವೆಲ್ಲ ಹೋಗುತ್ತದೆ. ಬೆಳಗಾದರೆ ಬಾಗಿಲಲ್ಲಿ ಚಿನ್ನದ ಕೊಂಬಿನ ಜಿಂಕೆ ನಿಂತಿರುತ್ತದೆ. ಬಾ ಎಂದು ಕರೆಯುತ್ತದೆ. ಅವಳು ಒಲ್ಲೆ ಅನ್ನುತ್ತಾಳೆ. ಆಗ ಅದು ತಾನು ಜಿಂಕೆಯಲ್ಲ, ರಾಜಕುಮಾರ ಎನ್ನುತ್ತದೆ. ಮತ್ತೊಂದರಲ್ಲಿ ಅವಳನ್ನು ರಾಕ್ಷಸ ಕೋಟೆಯಲ್ಲಿ ಕೂಡಿಹಾಕಿದ್ದಾನೆ. ಏಳು ಹಗಲು ಏಳು ರಾತ್ರಿ ಮಳೆ ಸುರಿದು, ಸಮುದ್ರದ ನೀರು ಬಾಗಿಲನ್ನು ಒಡೆಯುತ್ತದೆ, ತಿಮಿಂಗಿಲ ಬಂದು ಕರೆಯುತ್ತದೆ.

ಇವುಗಳನ್ನು ಸುಮ್ನೆ ‘ಬಿಡುಗಡೆಯ ಕನಸು’ ಎಂದು ಕರೆದು ಮುಂದೆ ಹೋಗಬಹುದಿತ್ತು. ಆದರೆ ಪಕ್ಕಪಕ್ಕ ಇಟ್ಟು ನೋಡಿದರೆ ಒಳಗೆ ಒಂದು ಜಗ್ಗಾಟ ಕಾಣುತ್ತದೆ. ಬೇಕಾಗಿರುವುದು ಅಪ್ಪ ಅಮ್ಮನ ಮಡಿಲು. ಬಾಗಿಲಿಗೆ ಬರುವವನು ಮಾತ್ರ ರಾಜಕುಮಾರ. ಜಿಂಕೆಯ ಕಥೆಯಲ್ಲಿ ಅವಳು ಮಗುವಾಗಿಯೇ ಇರಲು ಬಯಸುತ್ತಾಳೆ, ಆದರೆ ಗಂಡನ್ನು ಬಾಗಿಲಿಗೆ ತಂದು ನಿಲ್ಲಿಸಿದವಳೂ ಅವಳೇ, ಕಥೆ ಹೇಳುತ್ತಿರುವವಳು ಅವಳೇ ಅಲ್ವಾ? ಒಲ್ಲೆ ಎಂದ ಮೇಲೂ ಅವನಿಗೆ ಮುಂದಿನ ಮಾತು ಕೊಟ್ಟವಳೂ ಅವಳೇ.

1900ರ ಇಸವಿ ಹೊತ್ತು ಬಂದ ‘ಕನಸುಗಳ ವ್ಯಾಖ್ಯಾನ’ದಲ್ಲಿ ಫ್ರಾಯ್ಡ್ ಇದಕ್ಕೆ ಒಂದು ಹೋಲಿಕೆ ಕೊಡುತ್ತಾನೆ. ಹಗಲಿನಲ್ಲಿ ಉಳಿದುಹೋದ ಚಿಂತೆ ವ್ಯಾಪಾರದ ಯೋಜನೆ ಇರುವವನ ಹಾಗೆ, ಅವನ ಕೈಯಲ್ಲಿ ಬಂಡವಾಳವಿಲ್ಲ. ಬಂಡವಾಳ ಹಾಕುವುದು ಸುಪ್ತ ಮನಸ್ಸಿನ ಹಳೆಯ ಆಸೆ. ಎರಡೂ ಕೂಡಿದರೆ ಕನಸು. ರಾಣಿಯ ವಿಷಯದಲ್ಲಿ ಹಗಲಿನ ಚಿಂತೆ ಬೀಗ. ಬಂಡವಾಳ ಹಾಕಿದ್ದು ಅಪ್ಪ ಅಮ್ಮನ ನಡುವೆ ಮಲಗುವ ಹಳೆಯ ಆಸೆ. ಇಲ್ಲಿ ಒಂದು ಎಚ್ಚರ ಬೇಕಾಗಿತ್ತು. ಇವೆಲ್ಲ ನಿದ್ದೆಯಲ್ಲೇ ಬಿದ್ದ ಕನಸುಗಳಲ್ಲ, ಅರೆ ಎಚ್ಚರದಲ್ಲಿ ಕಟ್ಟಿಕೊಂಡ ಹಗಲುಗನಸುಗಳೂ ಇವೆ. ಹಗಲುಗನಸಿನಲ್ಲಿ ಕಥೆ ಕಟ್ಟುವವರು ಸಾಕಷ್ಟು ಒಪ್ಪ ಓರಣ ಮಾಡಿಯೇ ಇಟ್ಟಿರುತ್ತಾರೆ. ಹಾಗಾಗಿ ಪ್ರತಿ ಪ್ರಾಣಿಗೂ ಗುಪ್ತ ಅರ್ಥ ಹುಡುಕುವುದನ್ನು ಬಿಟ್ಟು, ಕಥೆ ಎಲ್ಲಿ ತಿರುಗುತ್ತದೆ ಎಂಬುದನ್ನಷ್ಟೇ ಹಿಡಿದುಕೊಂಡೆ. ಹದ್ದು ಹಾವಿನ ಹಗೆ ಎಂಬುದು ನಮಗೆಲ್ಲ ಗೊತ್ತು. ಅದರ ಮೇಲೆ ಒಂದು ಪುಟ ಬರೆಯುವ ಆಸೆ ಬಹಳ ಇತ್ತು. ಆದರೆ ನಾಟಕ ಆ ಹಗೆಯನ್ನು ಮುಂದಕ್ಕೆ ಒಯ್ಯುವುದಿಲ್ಲ. ನಾಗನ ಮೇಲೆ ಎರಗುವುದು ಅಪ್ಪಣ್ಣ ತಂದು ಕಟ್ಟಿದ ಮುಂಗುಸಿ. ಅದಕ್ಕೇ ಹದ್ದನ್ನು ಅಲ್ಲಿಗೇ ಬಿಟ್ಟೆ.

ಈ ಜಗ್ಗಾಟ ನಾಗ ಬಂದ ಮೊದಲ ರಾತ್ರಿಯಲ್ಲೂ ಮುಂದುವರಿಯುತ್ತದೆ. ಅವನು ಬಂದವನೇ ಅವಳನ್ನು ಮುಟ್ಟುವುದಿಲ್ಲ. ಅವಳ ಉದ್ದ ಕೂದಲನ್ನು ಹೊಗಳುತ್ತಾನೆ, ಅಪ್ಪ ಅಮ್ಮನ ಬಗ್ಗೆ ಕೇಳುತ್ತಾನೆ, ಅವರು ಹೇಗೆ ಮುದ್ದು ಮಾಡುತ್ತಿದ್ದರು ಎಂದು ಅವಳ ಬಾಯಿಂದಲೇ ಹೇಳಿಸುತ್ತಾನೆ. ಅವಳು ಮಗುವಿನ ಹಾಗೆ ಅವನಿಗೆ ಒರಗಿ ನಿದ್ದೆ ಹೋಗುತ್ತಾಳೆ. ಪ್ರೇಮಿ ಒಳಗೆ ಬಂದದ್ದು ತಂದೆ ತಾಯಿಯ ಜಾಗದಲ್ಲಿ ಕೂತು. ಈ ಒಂದು ದೃಶ್ಯಕ್ಕೆ ನಾನು ಎರಡು ಪುಟ ಕೊಟ್ಟೆ, ಆಸೆ ಒಂದು ಮಡಿಲಿನಿಂದ ಇನ್ನೊಂದಕ್ಕೆ ದಾಟುವುದನ್ನು ನಾಟಕ ಇಷ್ಟು ಸಲೀಸಾಗಿ ತೋರಿಸಿದ್ದು ನನಗೆ ಬಹಳ ಇಷ್ಟವಾಗಿತ್ತು.

ಅಳತೆ ಕೂಡದ ಜಾಗ ಎಂದು ಗುರುತು ಹಾಕಿದ್ದು ಸಾರಿನ ದೃಶ್ಯಕ್ಕೆ. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬೇರಿನ ಸಣ್ಣ ತುಂಡನ್ನು ಮೊದಲೇ ಪ್ರಯೋಗಿಸಿ ಆಗಿದೆ. ಅದನ್ನು ಕುಡಿದ ಅಪ್ಪಣ್ಣ ತಲೆ ಸುತ್ತಿ ಬಿದ್ದು, ಎದ್ದು, ಮತ್ತೆ ಆ ಸೂಳೆಯ ಹತ್ತಿರವೇ ಹೋದ. ಈಗ ದೊಡ್ಡ ತುಂಡು. ಸಾರು ಕುದಿದು ಕೆಂಪಾಗಿ ಉಕ್ಕುತ್ತದೆ. ರಾಣಿಗೆ ದಿಗಿಲು: ಗಂಡನಿಗೆ ಏನಾದರೂ ಆದರೆ? ಇಲ್ಲಿಯವರೆಗೆ ಸಹಜ. ಆದರೆ ಅವಳ ಮಾತು ಅಲ್ಲಿಗೆ ನಿಲ್ಲುವುದಿಲ್ಲ. ದೇವರಲ್ಲಿ ಕ್ಷಮೆ ಕೇಳುತ್ತಾಳೆ, ತಾನು ದೊಡ್ಡ ಪಾಪಕ್ಕೆ ಕೈ ಹಾಕಿದ್ದೆ ಅನ್ನುತ್ತಾಳೆ, ಅಪ್ಪ ಅಮ್ಮನನ್ನು ಕರೆದು, ನಿಮ್ಮ ಮಗಳಾಗಿ ನಾನು ಇದಕ್ಕೆ ಹೇಗೆ ಒಪ್ಪಿದೆ ಎಂದು ಹಲುಬುತ್ತಾಳೆ.

ಗಂಡ ತನ್ನನ್ನು ಪ್ರೀತಿಸಲಿ ಎಂದು ಮದ್ದು ಹಾಕಲು ಹೊರಟವಳಿಗೆ ಕೊಲೆ ಮಾಡಲು ಹೊರಟವಳ ಪಾಪಪ್ರಜ್ಞೆ ಯಾಕೆ? ಫ್ರಾಯ್ಡನ ಪ್ರಕಾರ, ಭಯ ಅಳತೆ ಮೀರಿದ ಕಡೆ ಅದರ ಕೆಳಗೆ ಒಂದು ಆಸೆ ಕೂತಿರುವ ಸಾಧ್ಯತೆ ಇದೆ. ‘ಅವನಿಗೆ ಏನಾದರೂ ಆದರೆ’ ಎನ್ನುವುದರ ಅಡಿಯಲ್ಲಿ ‘ಅವನಿಗೆ ಏನಾದರೂ ಆಗಲಿ’ ಎನ್ನುವುದು ಇರಬಹುದು. ಇಲ್ಲಿ ನನಗೆ ಕೈಹಿಡಿದದ್ದು ಗಿರೀಂದ್ರಶೇಖರ ಬೋಸ್. 1922ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದವರು, ಫ್ರಾಯ್ಡ್ ಜೊತೆ ಪತ್ರದಲ್ಲೇ ವಾದ ಮಾಡಿದವರು. ಅವರ ಡಾಕ್ಟರೇಟ್ ಪ್ರಬಂಧದ ವಿಷಯವೇ ದಮನ. ಮನಸ್ಸಿನಲ್ಲಿ ಪ್ರತಿ ಆಸೆಗೂ ಅದಕ್ಕೆ ಎದುರಾದ ಇನ್ನೊಂದು ಆಸೆ ಜೋಡಿಯಾಗಿ ಇರುತ್ತದೆ, ಒಂದು ಮೇಲೆ ಬಂದಾಗ ಇನ್ನೊಂದು ಕೆಳಗೆ ಹೋಗುತ್ತದೆ ಎನ್ನುವುದು ಅವರ ವಿಚಾರ. ರಾಣಿಯ ಸಾರಿನ ಪಾತ್ರೆಯಲ್ಲಿ ಎರಡೂ ಒಟ್ಟಿಗೆ ಕುದಿಯುತ್ತಿವೆ ಎಂದು ಬರೆದೆ. ಗಂಡ ಬೇಕು, ಈ ಗಂಡ ಬೇಡ.

ಸಾರನ್ನು ಸುರಿಯುವ ಜಾಗವೂ ಅಷ್ಟೇ ಮುಖ್ಯ. ಕೆಂಪು ಕಲೆ ಗಂಡನ ಕಣ್ಣಿಗೆ ಬೀಳಬಾರದು ಎಂದು ಅವಳು ಅಲ್ಲಿ ಬೇಡ ಇಲ್ಲಿ ಬೇಡ ಎನ್ನುತ್ತಾ ಕೊನೆಗೆ ಹುತ್ತ ಹುಡುಕುತ್ತಾಳೆ. ಹುತ್ತಕ್ಕೆ ಹಾಲೆರೆಯುವುದು, ಮಕ್ಕಳಾಗಲಿ ಎಂದು ನಾಗರಕಲ್ಲು ಸುತ್ತುವುದು ನಮ್ಮ ಹೆಂಗಸರಿಗೆ ಗೊತ್ತಿರುವ ಆಚರಣೆ. ಯಾರಿಗೂ ಕಾಣದ ಹಾಗೆ ಬಚ್ಚಿಡಲು ಹೋದವಳು, ಹೆಂಗಸರು ಆಸೆಯನ್ನು ಬಾಯಿಬಿಟ್ಟು ಕೇಳಿಕೊಳ್ಳುವ ಜಾಗಕ್ಕೇ ಹೋಗಿ ಸುರಿದಳು. ಹಾವು ಅಂದರೆ ಗಂಡಸಿನ ಗುರುತು ಎಂಬ ಫ್ರಾಯ್ಡಿನ ಹಳೆಯ ಸಮೀಕರಣ ಇಲ್ಲಿ ನನಗೆ ಬೇಕಾಗಲೇ ಇಲ್ಲ. ಯಾವ ಕಥೆಯ ಯಾವ ಹಾವಿಗಾದರೂ ಅಂಟಿಸಬಹುದಾದ ಮಾತು ಈ ಹಾವಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಒಂದು ವ್ಯಾಖ್ಯಾನ ಬಲವಾಗಿದೆಯೋ ಇಲ್ಲವೋ ನೋಡಲು ನಾನು ಮಾಡಿದ್ದು ಇದನ್ನೇ: ಆ ವಾಕ್ಯವನ್ನು ಎತ್ತಿ ಬೇರೆ ಯಾವುದೋ ನಾಟಕದ ಪ್ರಬಂಧದಲ್ಲಿ ಇಟ್ಟರೂ ಸರಿಹೋಗುತ್ತದಾ ಎಂದು ನೋಡುವುದು. ಸರಿಹೋದರೆ ಅಳಿಸಿಬಿಡುವುದು.

ಇನ್ನು ಸುಮ್ಮನಾದ ಜಾಗಗಳು. ಪ್ರಬಂಧದ ಹೃದಯ ಇಲ್ಲೇ ಇತ್ತು.

ಹಗಲಿನ ಗಂಡ ಬೈಯುತ್ತಾನೆ, ರಾತ್ರಿಯ ಗಂಡ ಮುದ್ದಿಸುತ್ತಾನೆ. ಇದನ್ನು ಅವನ ಬೇರೆ ಬೇರೆ ಮೂಡ್ ಎಂದುಕೊಳ್ಳಬಹುದು. ಆದರೆ ಸಾಕ್ಷಿಗಳು ಒಂದರ ಮೇಲೊಂದು ಬೀಳುತ್ತವೆ. ಮುಂಗುಸಿ ಸತ್ತ ಮೇಲೆ ಸುಮಾರು ದಿನ ರಾತ್ರಿಯವನು ಬರುವುದಿಲ್ಲ, ಬಂದಾಗ ಮೈಮೇಲೆ ಗಾಯ. ಅವನ ರಕ್ತ ಮುಟ್ಟಿದರೆ ತಣ್ಣಗಿದೆ. ಹಗಲಿನವನ ಮುಖದಲ್ಲಿ ಗಾಯದ ಸುಳಿವೇ ಇಲ್ಲ. ಒಮ್ಮೆ ಕನ್ನಡಿಯಲ್ಲಿ ಅವನಿರಬೇಕಾದ ಜಾಗದಲ್ಲಿ ಹಾವು ಕಂಡು ಅವಳು ಕಿರುಚುತ್ತಾಳೆ. ತಿರುಗಿ ನೋಡಿದರೆ ಗಂಡ. ಅವನು ಪ್ರಶ್ನೆ ಕೇಳಬೇಡ ಅನ್ನುತ್ತಾನೆ. ಅವಳು ಕೇಳುತ್ತಾಳೆ, ಅರ್ಧಕ್ಕೆ ಬಿಡುತ್ತಾಳೆ. ಬಸುರಿಯಾದ ಮೇಲೆ ಒಮ್ಮೆ ಸಿಟ್ಟಿನಿಂದಲೇ ಕೇಳುತ್ತಾಳೆ: ನಾನು ಗಿಳಿಯಲ್ಲ, ಬೆಕ್ಕಲ್ಲ, ನನಗೂ ಬುದ್ಧಿಯಿದೆ, ಈ ಆಟ ಯಾಕೆ ಎಂಬ ಧಾಟಿಯಲ್ಲಿ. ಅಷ್ಟು ಹತ್ತಿರ ಬಂದವಳು ಕೊನೆಯ ಒಂದು ಪ್ರಶ್ನೆಯನ್ನು, ‘ನೀನು ಯಾರು’ ಎನ್ನುವುದನ್ನು, ಕೇಳುವುದಿಲ್ಲ.

ಇದು ದಮನವೇ? ನಾನು ಫ್ರಾಯ್ಡನ 1915ರ ದಮನದ ಲೇಖನವನ್ನು ಪಕ್ಕದಲ್ಲಿ ಇಟ್ಟುಕೊಂಡು ಹೊಂದಿಸಿ ನೋಡಿದೆ. ದಮನ ಎಂದರೆ ಒಂದು ವಿಚಾರವನ್ನು ಅರಿವಿನಿಂದ ದೂರ ತಳ್ಳುವುದು, ಅಲ್ಲಿಂದ ಅದು ಮರಳಿ ಬರದಂತೆ ತಡೆದು ಹಿಡಿಯುವುದು. ತಳ್ಳಲ್ಪಟ್ಟದ್ದು ವೇಷ ಬದಲಿಸಿ ಬರುತ್ತದೆ. ಸಾರಿನ ದೃಶ್ಯಕ್ಕೆ ಇದು ಸರಿಯಾಗಿ ಹೊಂದುತ್ತದೆ. ಅಪ್ಪಣ್ಣನ ಸಾವಿನ ಆಸೆ ರಾಣಿಯ ಬಾಯಲ್ಲಿ ಎಲ್ಲೂ ಬರುವುದಿಲ್ಲ, ಪಾಪಪ್ರಜ್ಞೆಯ ವೇಷದಲ್ಲಿ ಮಾತ್ರ ಬರುತ್ತದೆ. ಆದರೆ ರಾತ್ರಿಯವನ ವಿಷಯ ಹಾಗಲ್ಲ. ತಣ್ಣನೆಯ ರಕ್ತ, ಕನ್ನಡಿಯ ಹಾವು, ಇವುಗಳನ್ನು ಅವಳು ನೋಡಿದ್ದಾಳೆ, ಮರೆತಿಲ್ಲ, ಅವನ ಮುಂದೆ ಬಾಯಿಬಿಟ್ಟು ಹೇಳಿಯೂ ಇದ್ದಾಳೆ. ಏನೂ ಕೆಳಗೆ ಹೋಗಿಲ್ಲ. ಎಲ್ಲ ಮೇಲೆಯೇ ಇದೆ, ಆದರೆ ಲೆಕ್ಕಕ್ಕೆ ಬರುತ್ತಿಲ್ಲ.

ಇದಕ್ಕೆ ಫ್ರಾಯ್ಡನಲ್ಲೇ ಇನ್ನೊಂದು ದಾರಿಯಿದೆ, ಅದು 1927ರ ಲೇಖನವೊಂದರಲ್ಲಿ ತಿಳಿಯಾಗಿ ಬರುತ್ತದೆ. ಕಣ್ಣು ಕಂಡದ್ದನ್ನು ಮನಸ್ಸು ಅಲ್ಲಗಳೆಯುತ್ತದೆ, ಆದರೆ ಅಳಿಸುವುದಿಲ್ಲ. ನಂಬಿಕೆಯೂ ಇರುತ್ತದೆ, ಅದಕ್ಕೆ ಎದುರಾದ ಅರಿವೂ ಇರುತ್ತದೆ, ಎರಡೂ ಜಗಳವಾಡದೆ ಅಕ್ಕಪಕ್ಕದಲ್ಲಿ ಬದುಕುತ್ತವೆ. ಫ್ರೆಂಚ್ ವಿಶ್ಲೇಷಕ ಆಕ್ಟೇವ್ ಮನೋನಿ 1960ರ ದಶಕದಲ್ಲಿ ಇದನ್ನು ಒಂದೇ ಮಾತಿನಲ್ಲಿ ಹಿಡಿದ: ಗೊತ್ತು, ಆದರೂ. ರಾಣಿಯ ರಾತ್ರಿಗಳೆಲ್ಲ ಈ ‘ಆದರೂ’ ಮೇಲೆ ನಿಂತಿವೆ. ಆಗ ನನ್ನ ವಾದ ಸ್ಪಷ್ಟವಾಯಿತು. ರಾಣಿ ತನ್ನ ಸಿಟ್ಟನ್ನು ದಮನ ಮಾಡುತ್ತಾಳೆ, ಸುಖವನ್ನು ಮಾಡುವುದಿಲ್ಲ. ಸುಖವನ್ನು ಉಳಿಸಿಕೊಳ್ಳಲು ಅವಳು ಅರಿವನ್ನು ಪಕ್ಕಕ್ಕೆ ಸರಿಸಿ ಇಡುತ್ತಾಳೆ. ಈ ಎರಡನ್ನೂ ಒಂದೇ ಹೆಸರಿನಲ್ಲಿ ಕರೆದರೆ ನಾಟಕದ ಅರ್ಧ ಭಾಗ ಕಾಣದೇ ಹೋಗುತ್ತದೆ.

ಪ್ರಮಾಣದ ದೃಶ್ಯ ಈ ವಾದಕ್ಕೆ ಪರೀಕ್ಷೆಯಾಗಿತ್ತು. ಹಾವನ್ನು ಕೈಯಲ್ಲಿ ಹಿಡಿದು ಅವಳು ಹೇಳುವುದು, ಈ ಊರಿಗೆ ಬಂದ ಮೇಲೆ ನಾನು ಈ ಕೈಯಿಂದ ಮುಟ್ಟಿದ್ದು ಇಬ್ಬರನ್ನೇ, ನನ್ನ ಗಂಡನನ್ನು ಮತ್ತು ಈ ನಾಗನನ್ನು ಎಂದು. ಅಕ್ಷರಕ್ಕೆ ಅಕ್ಷರ ನಿಜ. ಅವಳು ಜಾಣತನದಿಂದ ಹೇಳಿದಳು ಎಂದರೆ ಅವಳಿಗೆ ಎಲ್ಲ ಗೊತ್ತಿತ್ತು ಎಂದಾಯಿತು. ಏನೂ ತಿಳಿಯದೆ ಹೇಳಿದಳು ಎಂದರೆ ಬರೀ ಅದೃಷ್ಟ. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಎರಡು ಅರಿವು ಅಕ್ಕಪಕ್ಕ ಇರುವವಳ ಬಾಯಿಂದ ಮಾತ್ರ, ಸುಳ್ಳು ಹೇಳುತ್ತಿದ್ದೇನೆ ಎಂಬ ಅಳುಕಿಲ್ಲದೆ, ಇಷ್ಟು ಪೂರ್ತಿ ನಿಜ ಬರಲು ಸಾಧ್ಯ.

ಸೆಮಿನಾರಿನ ದಿನ ಬಂದ ಪ್ರಶ್ನೆಗಳು ಚುರುಕಾಗಿದ್ದವು. ಮೊದಲನೆಯದು ನಾನು ಕಾಯುತ್ತಿದ್ದದ್ದೇ. “ರಾಣಿ ಜಾನಪದ ಕಥೆಯಿಂದ ಬಂದವಳು. ಅವಳಿಗೆ ಬಾಲ್ಯವೂ ಇಲ್ಲ, ಮನಸ್ಸೂ ಇಲ್ಲ. ಸುಪ್ತ ಮನಸ್ಸು ಎಲ್ಲಿಂದ ಬಂತು?” ನಿಜ, ಕಾರ್ನಾಡರು ಈ ನಾಟಕವನ್ನು ಕಟ್ಟಿದ್ದು ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಕಥೆಗಳಿಂದ. ಮದ್ದು, ಹುತ್ತ, ಗಂಡನ ವೇಷದ ಹಾವು, ಇವೆಲ್ಲ ಆ ಕಥೆಯದ್ದೇ, ಒಬ್ಬ ರಾಣಿಯ ಮನಸ್ಸಿನವಲ್ಲ. ನನ್ನ ಉತ್ತರ ಇಷ್ಟೇ ಇತ್ತು: ನಾನು ರಾಣಿಗೆ ಚಿಕಿತ್ಸೆ ಮಾಡುತ್ತಿಲ್ಲ. ಅವಳು ಮಂಚದ ಮೇಲೆ ಮಲಗಿ ನನಗೆ ಮತ್ತಷ್ಟು ಹೇಳಲಾರಳು. ಪಠ್ಯದಲ್ಲಿ ಇರುವ ಮಾತು ಮತ್ತು ಮೌನ ಮಾತ್ರ ನನಗೆ ಸಿಕ್ಕಿರುವುದು. ಇಂಥ ಕಥೆಗಳನ್ನು ಹೆಂಗಸರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಆ ಆಸೆ ಯಾರೊಬ್ಬಳ ಆಸೆಯೂ ಅಲ್ಲದಿರಬಹುದು, ಆದರೆ ಆಸೆಯಂತೂ ಹೌದು.

“ಫ್ರಾಯ್ಡನ ವಿಯೆನ್ನಾದ ಸಿದ್ಧಾಂತ ಇಲ್ಲಿಗೆ ಯಾಕೆ?” ಎಂದು ಇನ್ನೊಬ್ಬರು ಕೇಳಿದರು. ರಾಮಾನುಜನ್ ಅವರೇ ಕರ್ನಾಟಕದಲ್ಲಿ ಸಿಕ್ಕ ಒಂದು ಕಥೆಯನ್ನು ಇಟ್ಟುಕೊಂಡು ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾದ ಗ್ರೀಕ್ ಕಥೆಯ ಈಡಿಪಸ್‌ನ ಭಾರತೀಯ ರೂಪದ ಬಗ್ಗೆ ಬರೆದಿದ್ದಾರೆ. ಅಲ್ಲಿ ಅವರು ಫ್ರಾಯ್ಡನನ್ನು ಬಿಸಾಡುವುದಿಲ್ಲ, ಹಾಗೇ ಒಪ್ಪುವುದೂ ಇಲ್ಲ. ನಮ್ಮ ಕಥೆಗಳಲ್ಲಿ ಮಗ ತಂದೆಯ ಮೇಲೆ ಎರಗುವುದಕ್ಕಿಂತ ತಂದೆ ಮಗನ ಮೇಲೆ ಎರಗುವುದೇ ಹೆಚ್ಚು ಎಂದು ಬಾಣದ ದಿಕ್ಕನ್ನೇ ತಿರುಗಿಸುತ್ತಾರೆ. ನಾನು ಹಿಡಿಯಲು ನೋಡಿದ್ದು ಆ ದಾರಿಯನ್ನೇ.

ಆದರೆ ಎಲ್ಲಕ್ಕಿಂತ ಬಲವಾದ ಪ್ರಶ್ನೆ ಹಿಂದಿನ ಬೆಂಚಿನಿಂದ ಬಂತು. “ಅಕ್ಕಾ, ಅವಳನ್ನ ಕೂಡಿಹಾಕಿದ್ದು ಅವಳ ಮನಸ್ಸಲ್ಲ, ಗಂಡ. ಬಾಗಿಲಿಗೆ ಬೀಗ ಇದೆ. ನೀವು ಎಲ್ಲಾನೂ ಒಳಗೆ ಹುಡುಕಿದ್ರೆ ಹೊರಗಿನ ಬೀಗ ಮರೆತುಹೋಗಲ್ವಾ?” ಈ ಹುಡುಗಿಯ ಮಾತಿಗೆ ನಾನು ಇವತ್ತಿಗೂ ತುಂಬ ಬೆಲೆ ಕೊಡುತ್ತೇನೆ. ಮನೋವಿಶ್ಲೇಷಣೆಗೆ ಇರುವ ನಿಜವಾದ ಮಿತಿ ಇದು. ದಮನ ಎಂಬ ಪದ ಕೇಳಿದ ಕೂಡಲೇ ಕಾವಲುಗಾರ ಒಳಗಿದ್ದಾನೆ ಎಂದುಕೊಳ್ಳುತ್ತೇವೆ. ರಾಣಿಯ ಕಾವಲುಗಾರ ಹೊರಗಿದ್ದಾನೆ, ನಾಯಿ ತರುತ್ತಾನೆ, ಮುಂಗುಸಿ ತರುತ್ತಾನೆ, ಹೊಡೆಯುತ್ತಾನೆ. ಅವಳ ಮೌನದಲ್ಲಿ ಎಷ್ಟು ಪಾಲು ದಮನ, ಎಷ್ಟು ಪಾಲು ಏಟಿನ ಹೆದರಿಕೆ ಎಂದು ಬೇರ್ಪಡಿಸದೆ ಬರೆಯುವುದು ಅನ್ಯಾಯ.

ಸಲ್ಲಿಸುವ ಮೊದಲು ಆ ಭಾಗವನ್ನು ಬಿಡಿಸಿ ಬರೆದೆ. ಹಗಲಿನ ಮೌನ ಮತ್ತು ರಾತ್ರಿಯ ಮೌನ ಎಂದು ಎರಡು ಮಾಡಿದೆ. ಹಗಲು ಅಪ್ಪಣ್ಣನ ಮುಂದೆ ಅವಳು ಬಾಯಿ ಮುಚ್ಚುವುದಕ್ಕೆ ಕಾರಣ ಹುಡುಕಲು ಫ್ರಾಯ್ಡ್ ಬೇಕಿಲ್ಲ, ಏಟು ಸಾಕು. ರಾತ್ರಿ ನಾಗನ ಮುಂದೆ ಬೇರೆ. ಅಲ್ಲಿ ಅವಳಿಗೆ ಹೊಡೆತದ ಭಯವಿಲ್ಲ, ಅವಳು ಜಗಳವನ್ನೂ ಆಡುತ್ತಾಳೆ. ಆದರೂ ಕೊನೆಯ ಪ್ರಶ್ನೆ ಕೇಳುವುದಿಲ್ಲ, ಕೇಳಿದರೆ ಅವನು ಹೋಗಿಬಿಡಬಹುದು. ಮನೋವಿಶ್ಲೇಷಣೆಗೆ ಕೆಲಸ ಇರುವುದು ಈ ಎರಡನೆಯ ಮೌನದಲ್ಲಿ ಎಂದು ಗೆರೆ ಎಳೆದೆ.

ಪ್ರಬಂಧವನ್ನು ಮುಗಿಸಿದ್ದು ನಾಟಕದ ಅಂತ್ಯದ ಮೇಲೆ. ನಾಟಕದೊಳಗೇ ಕಥೆ ಕೇಳುತ್ತಿರುವ ದೀಪದ ಜ್ಯೋತಿಗಳು ನಾವು ಕೇಳಬೇಕಾದದ್ದನ್ನು ಕೇಳುತ್ತವೆ: ನಿಜವಾದ ಗಂಡ ಹಾಸಿಗೆಗೆ ಬಂದಾಗ ರಾಣಿಗೆ ವ್ಯತ್ಯಾಸ ತಿಳಿಯಲಿಲ್ಲವೇ? ಆಮೇಲೆ ಬರುವ ಒಂದು ಅಂತ್ಯದಲ್ಲಿ ನಾಗ ಅವಳ ಕೂದಲನ್ನೇ ಉರುಳು ಮಾಡಿಕೊಂಡು ಸಾಯುತ್ತಾನೆ. ಬಾಚುವಾಗ ಸತ್ತ ಹಾವು ಬೀಳುತ್ತದೆ. ರಾಣಿ ಗಂಡನ ಹತ್ತಿರ ಕೇಳಿಕೊಳ್ಳುತ್ತಾಳೆ: ಇದನ್ನು ಶಾಸ್ತ್ರದ ಪ್ರಕಾರ ಸುಡಬೇಕು, ನಮ್ಮ ಮಗನೇ ಬೆಂಕಿ ಇಡಬೇಕು, ವರ್ಷ ವರ್ಷ ಪಿಂಡ ಇಡಬೇಕು. ಅದು ತಂದೆಗೆ ಮಾಡುವುದಲ್ಲವೇ ಎಂದು ಅಪ್ಪಣ್ಣನಿಗೂ ಅನ್ನಿಸುತ್ತದೆ. ಆದರೂ ಒಪ್ಪುತ್ತಾನೆ. ಕೇಳದೇ ಉಳಿದ ಪ್ರಶ್ನೆಗೆ ರಾಣಿ ಇಲ್ಲಿ ಉತ್ತರ ಕೊಟ್ಟಿದ್ದಾಳೆ, ತಪ್ಪೊಪ್ಪಿಗೆಯಾಗಿ ಅಲ್ಲ, ತಿಥಿಯಾಗಿ. ಊರೇ ಎದುರು ನಿಂತು ನೋಡಬಹುದಾದ ಒಂದು ಕರ್ಮದೊಳಗೆ ತನ್ನ ರಾತ್ರಿಗಳನ್ನು ಇಟ್ಟುಬಿಟ್ಟಿದ್ದಾಳೆ.

ಮೇಡಂ ಪ್ರಬಂಧದ ಅಂಚಿನಲ್ಲಿ ಬರೆದ ಟಿಪ್ಪಣಿ ಅಪ್ಪಣ್ಣನ ಬಗ್ಗೆ ಇತ್ತು. “ರಾಣಿಯಷ್ಟೇ ಗೊತ್ತಿದ್ದೂ ಸುಮ್ಮನಿರುವವನು ಇವನು. ಹೆಂಡತಿ ದೇವಿಯಾದ ಮೇಲೆ, ಮಗು ತನ್ನದಲ್ಲ ಎಂದು ಗೊತ್ತಿದ್ದ ಗಂಡಸಿನ ಮನಸ್ಸಿನಲ್ಲಿ ಏನಾಗುತ್ತದೆ? ಮುಂದಿನ ಪ್ರಬಂಧ ಇದರ ಮೇಲೆ ಬರಿ.” ಆ ದೃಶ್ಯಗಳಿಗೆ ಈಗ ಪೆನ್ಸಿಲ್ ಗುರುತು ಹಾಕುತ್ತಿದ್ದೇನೆ.